ಪಾಸ್‌ಪೋರ್ಟ್, ವಾಸ, ಡೊಮಿಸೈಲ್: ಇಂಗ್ಲೆಂಡಿನಲ್ಲಿರುವ ಕನ್ನಡ ಕುಟುಂಬಗಳಿಗೆ ತೆರಿಗೆ, ಉಯಿಲು ಮತ್ತು ಮತದಾನದ ಮಾರ್ಗದರ್ಶಿ

ಹೊರದೇಶದಲ್ಲಿರುವ ನಮ್ಮವರನ್ನು "ನೀವು ಎಲ್ಲಿಯವರು?" ಎಂದು ಮೂರು ಬೇರೆ ಬೇರೆ ಕಚೇರಿಗಳು ಕೇಳುತ್ತವೆ. ಚುನಾವಣಾಧಿಕಾರಿಗೆ ಬೇಕಾಗಿರುವುದು ಪೌರತ್ವ. ಆದಾಯ ತೆರಿಗೆಯವರು ಎಣಿಸುವುದು ಆ ವರ್ಷ ನೀವು ಎಲ್ಲಿ ಎಷ್ಟು ದಿನ ಇದ್ದಿರಿ ಎಂಬುದನ್ನು. ನೀವು ತೀರಿಕೊಂಡ ಮೇಲೆ ಆಸ್ತಿ ಹಂಚುವ ನ್ಯಾಯಾಲಯ ಹುಡುಕುವುದು ನಿಮ್ಮ ಡೊಮಿಸೈಲ್, ಅಂದರೆ ಕಾನೂನಿನ ಕಣ್ಣಲ್ಲಿ ನಿಮ್ಮ ಕಾಯಂ ನೆಲೆ. ಮೂರಕ್ಕೂ ಪಾಸ್‌ಪೋರ್ಟ್ ತೋರಿಸಿ ಮುಗಿಸಬಹುದು ಎಂದುಕೊಂಡವರೇ ಹೆಚ್ಚು.

ದೇಶದಿಂದ ದೇಶಕ್ಕೆ ನಿಯಮ ಬದಲಾಗುವುದರಿಂದ ಇಲ್ಲಿ ಒಂದೇ ಜೋಡಿಯನ್ನು ನೋಡೋಣ: ಭಾರತ ಮತ್ತು ಬ್ರಿಟನ್. 2025ರ ಏಪ್ರಿಲ್ 6ರಿಂದ ಬ್ರಿಟನ್ನಿನ ನಿಯಮ ಬುಡಮೇಲಾಗಿರುವುದರಿಂದ ಹಳೆಯ ಸಲಹೆಗಳಲ್ಲಿ ಬಹುಪಾಲು ಈಗ ನಡೆಯುವುದಿಲ್ಲ.

ಲೆಕ್ಕಕ್ಕೆ ಒಂದು ಕಲ್ಪಿತ ಕುಟುಂಬ ಇರಲಿ. ಹಾಸನದ ದಂಪತಿ 2011ರ ಜೂನ್‌ನಲ್ಲಿ ಕೆಲಸಕ್ಕೆಂದು ರೆಡಿಂಗ್‌ಗೆ ಹೋದರು. ಗಂಡ 2018ರಲ್ಲಿ ಬ್ರಿಟಿಷ್ ಪೌರತ್ವ ಪಡೆದು ಓಸಿಐ ಕಾರ್ಡು ಮಾಡಿಸಿಕೊಂಡರು. ಹೆಂಡತಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಅಲ್ಲಿನ ಕಾಯಂ ವಾಸದ ಅನುಮತಿ ಪಡೆದಿದ್ದಾರೆ. ಇಬ್ಬರು ಮಕ್ಕಳು. ಗಂಡನ ತಾಯಿ ಹಾಸನದಲ್ಲಿದ್ದಾರೆ. ರೆಡಿಂಗ್‌ನ ಮನೆ ಗಂಡಹೆಂಡಿರ ಜಂಟಿ ಹೆಸರಲ್ಲಿದೆ, ಒಬ್ಬರು ಹೋದರೆ ಇನ್ನೊಬ್ಬರಿಗೆ ತಾನಾಗಿ ಸೇರುವ ಬಗೆಯದು. ಗಂಡನ ಹೆಸರಲ್ಲೇ ಅಲ್ಲಿನ ಬ್ಯಾಂಕಿನಲ್ಲಿ 2 ಲಕ್ಷ ಪೌಂಡ್ ಇದೆ. ಬೆಂಗಳೂರಿನಲ್ಲಿ ಅವರು ಸ್ವಂತ ದುಡಿಮೆಯಿಂದ ಕೊಂಡ ಸೈಟಿನ ಬೆಲೆ 2.5 ಲಕ್ಷ ಪೌಂಡ್, ಎಫ್‌ಡಿ 1.5 ಲಕ್ಷ ಪೌಂಡ್.

ಹೆಜ್ಜೆ 1: ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ

ಕುಟುಂಬಕ್ಕೆಲ್ಲ ಸೇರಿ ಒಂದು ಉತ್ತರ ಎಂಬುದಿಲ್ಲ. ಒಬ್ಬೊಬ್ಬರ ಹೆಸರಲ್ಲಿ ಒಂದು ಹಾಳೆ ತೆಗೆದುಕೊಂಡು ಮೂರು ವಿಷಯ ಬರೆದಿಡಿ. ಯಾವ ದೇಶದ ಪಾಸ್‌ಪೋರ್ಟ್, ಯಾವ ತಾರೀಖಿನಿಂದ. ಕಳೆದ ಇಪ್ಪತ್ತು ವರ್ಷಗಳಲ್ಲಿ ಪ್ರತಿ ತೆರಿಗೆ ವರ್ಷ ಯಾವ ದೇಶದ ನಿವಾಸಿ. ಹುಟ್ಟಿದಾಗ ತಂದೆಯ ಕಾಯಂ ನೆಲೆ ಎಲ್ಲಿತ್ತು, ಕೊನೆಗಾಲ ಎಲ್ಲಿ ಕಳೆಯುವ ತೀರ್ಮಾನವಿದೆ. ಭಾರತದ ತೆರಿಗೆ ವರ್ಷ ಏಪ್ರಿಲ್ 1ಕ್ಕೆ, ಬ್ರಿಟನ್ನಿನದು ಏಪ್ರಿಲ್ 6ಕ್ಕೆ ಶುರುವಾಗುತ್ತದೆ. ಎರಡಕ್ಕೂ ಬೇರೆ ಬೇರೆ ಕಾಲಂ ಬೇಕು.

ಪೌರತ್ವದ ಕಾಲಂ ಸುಲಭ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಓಸಿಐ ಕಾರ್ಡಿನ ಹೆಸರಲ್ಲಿ 'ನಾಗರಿಕ' ಎಂದಿದ್ದರೂ ಅದು ಪೌರತ್ವವಲ್ಲ, ಆಯುಷ್ಯಪೂರ್ತಿ ನಡೆಯುವ ವೀಸಾ. ವೋಟು ಇಲ್ಲ, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ.

ಜಮೀನಿನ ವಿಷಯದಲ್ಲಿ ನಮ್ಮಲ್ಲೊಂದು ಗೊಂದಲವಿದೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ರೈತರಲ್ಲದವರೂ ಜಮೀನು ಕೊಳ್ಳಬಹುದು ಎಂದಾಯಿತು. ಅದನ್ನು ನಂಬಿ ಹೊರದೇಶದಿಂದ ಮುಂಗಡ ಕಳಿಸಬೇಡಿ. ಹೊರದೇಶದಲ್ಲಿ ವಾಸಿಸುವವರನ್ನು ತಡೆಯುವುದು ರಾಜ್ಯದ ಆ ಕಾಯ್ದೆಯಲ್ಲ, ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ ಫೆಮಾ. ಅದು ಹಾಗೇ ಇದೆ, ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗೂ ಅನ್ವಯಿಸುತ್ತದೆ. ಅಪ್ಪನ ಗದ್ದೆ ಪಿತ್ರಾರ್ಜಿತವಾಗಿ ಬರುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಹೆಜ್ಜೆ 2: ದಿನ ಎಣಿಸಿ

ಭಾರತದ ಆದಾಯ ತೆರಿಗೆಗೆ ನಿವಾಸಿಯೋ ಅನಿವಾಸಿಯೋ ಎಂಬುದು ಪ್ರತಿ ವರ್ಷ ಹೊಸದಾಗಿ ತೀರ್ಮಾನವಾಗುತ್ತದೆ. ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನಿವಾಸಿ. ಹೊರಗೆ ನೆಲೆಸಿ ಊರಿಗೆ ಬಂದುಹೋಗುವ ಭಾರತೀಯರಿಗೂ ಭಾರತೀಯ ಮೂಲದವರಿಗೂ ಸಾಮಾನ್ಯವಾಗಿ ಇದೇ ಗಡಿ. ಆದರೆ ಭಾರತದಲ್ಲಿ ಹುಟ್ಟುವ ಬಾಡಿಗೆ, ಬಡ್ಡಿ ಮುಂತಾದ ಆದಾಯ 15 ಲಕ್ಷ ರೂಪಾಯಿ ದಾಟಿದ್ದರೆ ಗಡಿ 120 ದಿನಕ್ಕೆ ಇಳಿಯುತ್ತದೆ. ಅದರ ಜೊತೆಗೆ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಭಾರತದಲ್ಲಿ ಇದ್ದಿರಬೇಕು. 2020ರಲ್ಲಿ ಬಂದ ಈ ನಿಯಮ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಮುಂದುವರಿದಿದೆ.

ಅತ್ತೆಗೆ ಹುಷಾರಿಲ್ಲವೆಂದು ಹೆಂಡತಿ ಹಾಸನಕ್ಕೆ ಬಂದು 130 ದಿನ ಉಳಿದರು ಎನ್ನಿ. ಅವರ ಭಾರತದ ಆದಾಯ 16 ಲಕ್ಷವಿದ್ದು, ಹಿಂದಿನ ನಾಲ್ಕು ವರ್ಷದ ಲೆಕ್ಕ 365 ದಾಟಿದ್ದರೆ ಅವರು ಆ ವರ್ಷ ನಿವಾಸಿಯಾಗಿಬಿಡುತ್ತಾರೆ. ಗಾಬರಿಯಾಗಬೇಕಿಲ್ಲ. ಈ ದಾರಿಯಿಂದ ನಿವಾಸಿಯಾದವರನ್ನು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎಂಬ ಮಧ್ಯದ ಗುಂಪಿಗೆ ಹಾಕುತ್ತಾರೆ, ಇಂಗ್ಲೆಂಡಿನ ಸಂಬಳಕ್ಕೆ ಭಾರತ ಕೈ ಹಾಕುವುದಿಲ್ಲ. ಆದರೂ ರಿಟರ್ನ್ಸ್‌ನಲ್ಲಿ ಅನಿವಾಸಿ ಎಂದು ಗುರುತು ಹಾಕಿದರೆ ತಪ್ಪು. ದಿನ ಎಣಿಸುವಾಗ ಬಂದ ದಿನವನ್ನೂ ಹೋದ ದಿನವನ್ನೂ ಸೇರಿಸಿಕೊಳ್ಳುವುದು ಕ್ಷೇಮ. ಬ್ರಿಟನ್ ಎಣಿಸುವುದು ನಡುರಾತ್ರಿಗಳನ್ನು, ಅಂದರೆ ರಾತ್ರಿ 12ಕ್ಕೆ ನೀವು ಅಲ್ಲಿದ್ದಿರಾ ಎಂಬುದನ್ನು.

ಗಲ್ಫ್‌ನಲ್ಲಿರುವ ನೆಂಟರಿಗೆ ಒಂದು ಮಾತು: ಭಾರತದ ಪೌರರಾಗಿದ್ದು, ಇಲ್ಲಿನ ಆದಾಯ 15 ಲಕ್ಷ ದಾಟಿ, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ ಒಂದು ದಿನ ಬಾರದಿದ್ದರೂ ಭಾರತ ಅವರನ್ನು ನಿವಾಸಿ ಎಂದೇ ಎಣಿಸುತ್ತದೆ, ಅದೇ ಮಧ್ಯದ ಗುಂಪಿನಲ್ಲಿ. ವಾಸದ ಲೆಕ್ಕದೊಳಗೆ ಪೌರತ್ವ ತಲೆಹಾಕುವ ಅಪರೂಪದ ಜಾಗ ಇದು.

ಬ್ರಿಟನ್ನಿನ ಕಡೆ 183 ದಿನ ಇದ್ದರೆ ಪ್ರಶ್ನೆಯೇ ಇಲ್ಲ, ನಿವಾಸಿ. ಅದಕ್ಕಿಂತ ಕಡಿಮೆಯಿದ್ದರೆ ಮನೆ, ಸಂಸಾರ, ಕೆಲಸ ಮುಂತಾದ ನಂಟುಗಳನ್ನು ಎಣಿಸುತ್ತಾರೆ. ನಂಟು ನಾಲ್ಕಿದ್ದರೆ, ಈಚೆಗಷ್ಟೇ ಬಿಟ್ಟುಹೋದವರು ವರ್ಷಕ್ಕೆ 16 ದಿನ ಇದ್ದರೂ ನಿವಾಸಿಯಾಗಬಹುದು. ಬೆಂಗಳೂರಿಗೆ ವಾಪಸಾದವರು ರೆಡಿಂಗ್‌ನ ಮನೆಯನ್ನು ಹಾಗೇ ಇಟ್ಟು, ಮಕ್ಕಳನ್ನು ಅಲ್ಲೇ ಓದಲು ಬಿಟ್ಟು ಬಂದಿದ್ದರೆ ಇದನ್ನು ನೋಡಿಕೊಳ್ಳಬೇಕು.

ನಮ್ಮವರು ಅತಿ ಹೆಚ್ಚು ಎಡವುವುದು ಎನ್‌ಆರ್‌ಇ ಖಾತೆಯ ಬಡ್ಡಿಯಲ್ಲಿ. ಅದಕ್ಕೆ ಭಾರತದಲ್ಲಿ ತೆರಿಗೆಯಿಲ್ಲ, ನಿಜ. ಬ್ರಿಟನ್ನಿನ ನಿವಾಸಿ ಮಾತ್ರ ಜಗತ್ತಿನ ಎಲ್ಲ ಆದಾಯವನ್ನೂ ಅಲ್ಲಿ ತೋರಿಸಬೇಕು. ಮೊದಲು 'ನಾನ್‌ಡಾಮ್', ಅಂದರೆ ನನ್ನ ಡೊಮಿಸೈಲ್ ಬ್ರಿಟನ್ನಿನದಲ್ಲ, ಎಂದು ಹೇಳಿಕೊಂಡು, ಹಣವನ್ನು ಬ್ರಿಟನ್ನಿಗೆ ತರುವವರೆಗೆ ತೆರಿಗೆ ತಪ್ಪಿಸಿಕೊಳ್ಳುವ ದಾರಿಯಿತ್ತು. 2025ರ ಏಪ್ರಿಲ್ 6ಕ್ಕೆ ಅದು ಮುಚ್ಚಿತು. ಈಗ ವಿನಾಯಿತಿ ಇರುವುದು ಹಿಂದಿನ ಹತ್ತು ವರ್ಷ ಬ್ರಿಟನ್ನಿನ ನಿವಾಸಿಯಾಗಿರದೆ ಹೊಸದಾಗಿ ಬಂದವರಿಗೆ, ಮೊದಲ ನಾಲ್ಕು ವರ್ಷ ಮಾತ್ರ. ಭಾರತದ ಬ್ಯಾಂಕುಗಳಲ್ಲಿರುವ ಖಾತೆಗಳ ವಿವರ ಸರ್ಕಾರಗಳ ನಡುವಿನ ಒಪ್ಪಂದದಂತೆ ಬ್ರಿಟನ್ನಿನ ತೆರಿಗೆ ಇಲಾಖೆಗೆ ತಾನಾಗಿ ಹೋಗುತ್ತದೆ. 'ಯಾರಿಗೆ ಗೊತ್ತಾಗುತ್ತೆ' ಎನ್ನುವ ಕಾಲ ಮುಗಿದಿದೆ.

ಹೆಜ್ಜೆ 3: ಡೊಮಿಸೈಲ್ ಯಾವುದೆಂದು ಗಟ್ಟಿ ಮಾಡಿಕೊಳ್ಳಿ

ನಾಡಕಚೇರಿಯಲ್ಲಿ ಕೊಡುವ ವಾಸಸ್ಥಳದ ಪ್ರಮಾಣಪತ್ರವನ್ನೂ ಜನ ಡೊಮಿಸೈಲ್ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ರಾಜ್ಯಕ್ಕೊಂದು ಡೊಮಿಸೈಲ್ ಎಂಬುದಿಲ್ಲ, ಇರುವುದು ಭಾರತದ ಡೊಮಿಸೈಲ್ ಒಂದೇ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿದೆ. ಹಾಸನದ ಕಚೇರಿಯ ಪತ್ರ ಲಂಡನ್ನಿನಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ಹುಟ್ಟುವಾಗ ಸಾಮಾನ್ಯವಾಗಿ ತಂದೆಯ ಡೊಮಿಸೈಲ್ ಅಂಟಿಕೊಳ್ಳುತ್ತದೆ. ಅದನ್ನು ಕಳಚಿ ಹೊಸದನ್ನು ಪಡೆಯಲು ಎರಡೂ ಬೇಕು: ಹೊಸ ದೇಶದಲ್ಲಿ ವಾಸ, ಅಲ್ಲೇ ಕಾಯಂ ಆಗಿ ಉಳಿಯುವ ಮನಸ್ಸು. ಎಷ್ಟೇ ವರ್ಷ ಕಳೆದರೂ ವಾಸವೊಂದರಿಂದಲೇ ಅದು ಬದಲಾಗದು. ಪೌರತ್ವ ಪಡೆದದ್ದು ಒಂದು ಸಾಕ್ಷ್ಯ ಅಷ್ಟೆ, ಅದೇ ಕೊನೆಯ ಮಾತಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಸೈಪ್ರಸ್‌ನಿಂದ ಬಂದು ಸುಮಾರು 43 ವರ್ಷ ಇಂಗ್ಲೆಂಡಿನಲ್ಲೇ ದುಡಿದು ಸತ್ತವರೊಬ್ಬರು ಕೊನೆಯವರೆಗೂ ಸೈಪ್ರಸ್ ಡೊಮಿಸೈಲ್‌ನವರೇ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು.

'ಊರಿಗೆ ಹೋಗುತ್ತೇನೆ' ಎಂಬ ಮಾತು ಯಾವಾಗ ನಿಲ್ಲುತ್ತದೆ, ಯಾವಾಗ ಬೀಳುತ್ತದೆ ಎಂಬುದಕ್ಕೆ ಎರಡು ಹಳೆಯ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1976ರ ಬುಲಕ್ ಪ್ರಕರಣದಲ್ಲಿ ಕೆನಡಾದವರೊಬ್ಬರು ದಶಕಗಳಿಂದ ಇಂಗ್ಲೆಂಡಿನಲ್ಲಿದ್ದರು. ಇಂಗ್ಲಿಷ್ ಹೆಂಡತಿ ತನಗಿಂತ ಮೊದಲು ತೀರಿಕೊಂಡರೆ ಕೆನಡಾಕ್ಕೆ ಮರಳುವುದು ಅವರ ತೀರ್ಮಾನ. ನಿಜವಾಗಿ ನಡೆಯಬಹುದಾದ, ಇಂಥದ್ದೇ ಎಂದು ಗುರುತಿಸಬಹುದಾದ ಸಂದರ್ಭವದು. ಅವರ ಡೊಮಿಸೈಲ್ ಕೆನಡಾದ್ದೇ ಆಗಿ ಉಳಿಯಿತು. 1980ರ ಫರ್ಸ್ ಪ್ರಕರಣದಲ್ಲಿ ಅಮೆರಿಕ ಮೂಲದವರೊಬ್ಬರು ತಮ್ಮ ಇಂಗ್ಲಿಷ್ ತೋಟದಲ್ಲಿ ಓಡಾಡಿಕೊಂಡಿರಲು ಆಗದಿದ್ದರೆ ಮರಳುವುದಾಗಿ ಹೇಳುತ್ತಿದ್ದರು. ಇದು ತೀರಾ ಮಸುಕು ಎಂದು ಕೋರ್ಟ್ ಅವರನ್ನು ಇಂಗ್ಲೆಂಡಿನವರೆಂದೇ ತೀರ್ಮಾನಿಸಿತು.

ನಮ್ಮ ಗಂಡ 'ಮುಂದೆ ಯಾವಾಗಲಾದರೂ ಹಾಸನಕ್ಕೆ' ಎನ್ನುತ್ತಿದ್ದರೆ ಅದು ಫರ್ಸ್ ಕಡೆಗೆ ವಾಲುತ್ತದೆ. 'ಪಿಂಚಣಿ ಶುರುವಾದ ವರ್ಷ ಹಾಸನಕ್ಕೆ' ಎಂದು ತೀರ್ಮಾನಿಸಿ, ಅಲ್ಲಿ ಮನೆ ಸಜ್ಜು ಮಾಡಿ, ಆ ಉದ್ದೇಶವನ್ನು ಉಯಿಲಿನಲ್ಲೂ ಪತ್ರಗಳಲ್ಲೂ ಬರೆದಿಟ್ಟಿದ್ದರೆ ಬುಲಕ್ ಕಡೆಗೆ. ಪಿಂಚಣಿ ಬಂದು ಆರು ವರ್ಷವಾದರೂ ರೆಡಿಂಗ್‌ನಲ್ಲೇ ಕೂತಿದ್ದರೆ ಬರೆದದ್ದೆಲ್ಲ ಅವರ ವಿರುದ್ಧವೇ ಸಾಕ್ಷಿಯಾದೀತು. ಕಾಗದಕ್ಕೂ ನಡವಳಿಕೆಗೂ ತಾಳೆಯಾಗಬೇಕು.

ಹೆಜ್ಜೆ 4: ಉಯಿಲು ಇಲ್ಲದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿ

ಮೂಲ ಸೂತ್ರ ಎರಡು ಸಾಲಿನದು. ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿನ ಕಾನೂನಿನಂತೆ ಹಂಚಿಕೆಯಾಗುತ್ತದೆ. ಚರಾಸ್ತಿ ಎಲ್ಲೇ ಇರಲಿ, ತೀರಿಕೊಂಡವರ ಡೊಮಿಸೈಲ್‌ನ ಕಾನೂನಿನಂತೆ.

ಗಂಡ 2026ರ ನವೆಂಬರ್‌ನಲ್ಲಿ ಉಯಿಲು ಬರೆಯದೆ ತೀರಿಕೊಂಡರು ಎನ್ನಿ. ರೆಡಿಂಗ್‌ನ ಮನೆ ಜಂಟಿಯಾದ್ದರಿಂದ ಹೆಂಡತಿಗೆ. ಕುಟುಂಬ ಹಿಂದೂ ಆಗಿದ್ದರೆ ಬೆಂಗಳೂರಿನ ಸೈಟಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ: ಹೆಂಡತಿ, ಇಬ್ಬರು ಮಕ್ಕಳು, ತಾಯಿ, ನಾಲ್ವರಿಗೂ ಕಾಲು ಕಾಲು ಪಾಲು. ತಾಯಿ ಮೊದಲ ವರ್ಗದ ವಾರಸುದಾರರು ಎಂಬುದು ಎಷ್ಟೋ ಸೊಸೆಯಂದಿರಿಗೆ ತಾಲ್ಲೂಕು ಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗಲೇ ಗೊತ್ತಾಗುವುದು.

ಈಗ ಚರಾಸ್ತಿ: ಅಲ್ಲಿನ 2 ಲಕ್ಷ, ಇಲ್ಲಿನ ಎಫ್‌ಡಿ 1.5 ಲಕ್ಷ, ಒಟ್ಟು 3.5 ಲಕ್ಷ ಪೌಂಡ್. ಡೊಮಿಸೈಲ್ ಭಾರತದ್ದಾದರೆ ಲಂಡನ್ನಿನ ಬ್ಯಾಂಕಿನಲ್ಲಿರುವ ಹಣವೂ ಸೇರಿ ನಾಲ್ವರಿಗೆ ತಲಾ 87,500. ಇಂಗ್ಲೆಂಡಿನದಾದರೆ ಅಲ್ಲಿನ ನಿಯಮದಂತೆ ಹೆಂಡತಿಗೆ ಮೊದಲ 3,22,000, ಉಳಿದ 28,000ದಲ್ಲಿ ಅರ್ಧ, ಒಟ್ಟು 3,36,000 ಪೌಂಡ್. ಮಕ್ಕಳಿಗೆ ತಲಾ 7,000. ತಾಯಿಗೆ ಏನೂ ಇಲ್ಲ. ಒಂದೇ ಮನೆ, ಒಂದೇ ಹಣ, ಹೆಂಡತಿಯ ಪಾಲು ಮಾತ್ರ ಸುಮಾರು ನಾಲ್ಕು ಪಟ್ಟು ಅತ್ತಿತ್ತ. ಜೊತೆಗೆ, ಸಂಸಾರಕ್ಕೆ ಸಾಕಷ್ಟು ಬಿಟ್ಟುಹೋಗಿಲ್ಲವೆಂದು 1975ರ ಕಾಯ್ದೆಯಡಿ ಇಂಗ್ಲಿಷ್ ಕೋರ್ಟಿಗೆ ಹೋಗಬೇಕಾದರೂ ತೀರಿಕೊಂಡವರ ಡೊಮಿಸೈಲ್ ಇಂಗ್ಲೆಂಡ್ ಅಥವಾ ವೇಲ್ಸ್‌ನದಾಗಿರಬೇಕು. 2025ರ ನಂತರ ಡೊಮಿಸೈಲ್ ಸತ್ತುಹೋಯಿತು ಎನ್ನುವವರು ಇದನ್ನು ಮರೆಯುತ್ತಾರೆ.

ಹೆಜ್ಜೆ 5: ಸಾವಿನ ತೆರಿಗೆ ಮತ್ತು ಎರಡು ಉಯಿಲುಗಳು

ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ಬ್ರಿಟನ್ನಿನಲ್ಲಿ ಇನ್‌ಹೆರಿಟೆನ್ಸ್ ಟ್ಯಾಕ್ಸ್ 3,25,000 ಪೌಂಡಿನ ಮೇಲೆ 40 ಶೇಕಡ. ಹಿಂದೆ ಡೊಮಿಸೈಲ್ ನೋಡಿ ಹಾಕುತ್ತಿದ್ದರು. ಈಗ ವಾಸದ ವರ್ಷ ನೋಡುತ್ತಾರೆ: ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಬ್ರಿಟನ್ನಿನ ನಿವಾಸಿಯಾಗಿದ್ದರೆ 'ದೀರ್ಘಕಾಲದ ನಿವಾಸಿ', ಜಗತ್ತಿನಾದ್ಯಂತ ಇರುವ ಆಸ್ತಿಯೆಲ್ಲ ತೆರಿಗೆಗೆ ಒಳಪಡುತ್ತದೆ. ಪಾಸ್‌ಪೋರ್ಟ್ ಯಾವುದಾದರೂ ಸರಿ.

ನಮ್ಮ ದಂಪತಿ 2011–12ರಿಂದ 2025–26ರವರೆಗೆ 15 ವರ್ಷ ನಿವಾಸಿಗಳು. ಊರಿಗೆ ಮರಳಿದರೂ ಈ ತೆರಿಗೆಯ ಬಾಲ ತಕ್ಷಣ ಬಿಡದು. ಹತ್ತರಿಂದ ಹದಿಮೂರು ವರ್ಷ ಇದ್ದವರಿಗೆ ಮೂರು ವರ್ಷದ ಬಾಲ, ಆಮೇಲೆ ವರ್ಷಕ್ಕೊಂದರಂತೆ ಬೆಳೆದು ಹತ್ತಕ್ಕೆ ನಿಲ್ಲುತ್ತದೆ. ಇವರಿಗೆ ಐದು ವರ್ಷ.

ಗಂಡ ಅಲ್ಲಿನದನ್ನೆಲ್ಲ ಹೆಂಡತಿಗೆ, ಬೆಂಗಳೂರಿನ ಸೈಟು ಮತ್ತು ಎಫ್‌ಡಿಯನ್ನು ಮಕ್ಕಳಿಗೆ ಬರೆದಿಟ್ಟು ತೀರಿಕೊಂಡರು ಎಂದುಕೊಳ್ಳಿ. ಹೆಂಡತಿಯೂ ದೀರ್ಘಕಾಲದ ನಿವಾಸಿಯಾದ್ದರಿಂದ ಅವರ ಪಾಲಿಗೆ ಪೂರ್ತಿ ವಿನಾಯಿತಿ. (ಅವರು ಎಂದೂ ಬ್ರಿಟನ್ನಿಗೆ ಹೋಗದೆ ಹಾಸನದಲ್ಲೇ ಇದ್ದಿದ್ದರೆ ಆ ವಿನಾಯಿತಿಯೂ 3,25,000ಕ್ಕೆ ನಿಲ್ಲುತ್ತಿತ್ತು.) ಮಕ್ಕಳಿಗೆ ಹೋದದ್ದು 4 ಲಕ್ಷ ಪೌಂಡ್. 3,25,000 ಕಳೆದರೆ 75,000, ಅದರ 40 ಶೇಕಡ ಅಂದರೆ 30,000 ಪೌಂಡ್ ತೆರಿಗೆ. ತೀರಿಕೊಂಡ ತಿಂಗಳ ನಂತರದ ಆರನೇ ತಿಂಗಳ ಕೊನೆಯೊಳಗೆ ಕಟ್ಟಬೇಕು. ಇಲ್ಲಿ ಖಾತೆ ಬದಲಾವಣೆಯೇ ಅಷ್ಟರಲ್ಲಿ ಮುಗಿದಿರುವುದಿಲ್ಲ.

ಇದಕ್ಕೊಂದು ಪರಿಹಾರವಿದೆ. ಭಾರತ ಮತ್ತು ಬ್ರಿಟನ್ ನಡುವಿನ 1956ರ ಎಸ್ಟೇಟ್ ಡ್ಯೂಟಿ ಒಪ್ಪಂದ ಇನ್ನೂ ಜಾರಿಯಲ್ಲಿದೆ. ತೀರಿಕೊಂಡವರು ಭಾರತದ ಡೊಮಿಸೈಲ್‌ನವರಾಗಿದ್ದರೆ ಬ್ರಿಟನ್ನಿನ ಹೊರಗಿನ ಆಸ್ತಿಗೆ ಬ್ರಿಟನ್ ತೆರಿಗೆ ಹಾಕುವಂತಿಲ್ಲ. ಆದರೆ ಒಂದು ಷರತ್ತು: ಆ ಆಸ್ತಿ ಬ್ರಿಟನ್ನಿನ ಕಾನೂನಿಗೆ ಒಳಪಟ್ಟ ದಸ್ತಾವೇಜಿನ ಮೂಲಕ ವಾರಸುದಾರರಿಗೆ ಹೋಗಿರಬಾರದು. ರೆಡಿಂಗ್‌ನ ವಕೀಲರ ಬಳಿ 'ನನ್ನ ಎಲ್ಲ ಆಸ್ತಿ, ಎಲ್ಲೇ ಇರಲಿ' ಎಂದು ಒಂದೇ ಉಯಿಲು ಮಾಡಿಸಿದ್ದರೆ ಆ 30,000 ಪೌಂಡ್ ಕಟ್ಟಲೇಬೇಕಾಗಬಹುದು. ಭಾರತದ ಆಸ್ತಿಗೆ ಭಾರತದ ಕಾನೂನಿನಂತೆ ಬೇರೆ ಉಯಿಲು ಇದ್ದು, ಡೊಮಿಸೈಲ್ ಸಾಬೀತಾದರೆ ತೆರಿಗೆ ಸೊನ್ನೆ. ಒಪ್ಪಂದ ಮರಣಕ್ಕೆ ಮಾತ್ರ, ಬದುಕಿರುವಾಗ ಕೊಟ್ಟ ದಾನಕ್ಕಾಗಲಿ ಟ್ರಸ್ಟಿಗಾಗಲಿ ನಡೆಯದು.

ಆದ್ದರಿಂದ ಎರಡು ಉಯಿಲು ಬರೆಸಿ. ಒಂದು ಬ್ರಿಟನ್ನಿನ ಆಸ್ತಿಗೆ ಮಾತ್ರ, ಇನ್ನೊಂದು ಭಾರತದ ಆಸ್ತಿಗೆ ಮಾತ್ರ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಪ್ರತಿ ಉಯಿಲಿನಲ್ಲೂ ಅದರ ವ್ಯಾಪ್ತಿಯನ್ನು ಹೆಸರಿಸಿ. ಅಚ್ಚಿನ ಉಯಿಲುಗಳ ಮೊದಲ ಸಾಲಿನಲ್ಲಿ 'ಈ ಹಿಂದೆ ಮಾಡಿದ ಎಲ್ಲ ಉಯಿಲುಗಳನ್ನು ರದ್ದುಪಡಿಸುತ್ತೇನೆ' ಎಂದಿರುತ್ತದೆ. ಎರಡನೆಯದನ್ನು ಬರೆಸುವಾಗ ಆ ಸಾಲು ಉಳಿದರೆ ಮೊದಲನೆಯದು ಹೋಯಿತು. ನಾನು ನೋಡಿದರೆ ಮೊದಲು ನೋಡುವುದು ಆ ಸಾಲನ್ನೇ. ಹಾಗೆಯೇ ತೆರಿಗೆ ಇಲಾಖೆಗೆ 'ನಾನು ಭಾರತದವನು' ಎಂದು ಬರೆದು, ಅಲ್ಲಿನ ಕೋರ್ಟಿನಲ್ಲಿ ಕುಟುಂಬ 'ಇಂಗ್ಲೆಂಡಿನವರು' ಎಂದು ವಾದಿಸಲಾಗದು. ಡೊಮಿಸೈಲ್ ಒಂದೇ, ಅದರ ಲಾಭವೂ ನಷ್ಟವೂ ಒಟ್ಟಿಗೇ ಬರುತ್ತವೆ.

ಹೆಜ್ಜೆ 6: ವೋಟು

ಬ್ರಿಟಿಷ್ ಪೌರರಾದ ಗಂಡನಿಗೆ ಭಾರತದಲ್ಲಿ ವೋಟಿಲ್ಲ. ಭಾರತದ ಪಾಸ್‌ಪೋರ್ಟಿನ ಹೆಂಡತಿಗೆ ಎರಡೂ ಕಡೆ ಇದೆ! ಬ್ರಿಟನ್ನಿನಲ್ಲಿ ವಾಸದ ಅನುಮತಿ ಪಡೆದು ನೆಲೆಸಿರುವ ಕಾಮನ್‌ವೆಲ್ತ್ ಪೌರರು ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು, ಭಾರತೀಯರೂ ಅದರಲ್ಲಿ ಸೇರಿದ್ದಾರೆ. ಕೆಲಸದ ವೀಸಾದಲ್ಲಿರುವವರಿಗೂ ಈ ಹಕ್ಕಿದೆ. ಮತಗಟ್ಟೆಯಲ್ಲಿ ಭಾರತದ ಪಾಸ್‌ಪೋರ್ಟನ್ನೇ ಗುರುತಿನ ಚೀಟಿಯಾಗಿ ತೋರಿಸಬಹುದು.

ಭಾರತದಲ್ಲಿ ಅವರು ಸಾಗರೋತ್ತರ ಮತದಾರರಾಗಿ ಫಾರ್ಮ್ 6ಎ ತುಂಬಬೇಕು, voters.eci.gov.in ತಾಣದಲ್ಲಿ ಸಿಗುತ್ತದೆ. ಪಾಸ್‌ಪೋರ್ಟಿನಲ್ಲಿರುವ ಭಾರತದ ವಿಳಾಸ ಯಾವ ಕ್ಷೇತ್ರಕ್ಕೆ ಸೇರುತ್ತದೋ ಅಲ್ಲೇ ಹೆಸರು ಸೇರುತ್ತದೆ. ಹಾಗಾಗಿ ಲಂಡನ್ನಿನಲ್ಲಿ ಪಾಸ್‌ಪೋರ್ಟ್ ನವೀಕರಿಸುವಾಗ ಹಾಸನದ ವಿಳಾಸ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅಂಚೆ ಮತವಿಲ್ಲ. ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಹಾಸನದ ಮತಗಟ್ಟೆಗೇ ಬರಬೇಕು. ಊರಲ್ಲಿ ವಾಸವಿದ್ದೇನೆಂದು ಹೇಳಿ ಮಾಮೂಲಿ ಮತದಾರರಾಗಿ ಉಳಿಯುವುದು ಸುಳ್ಳು ಘೋಷಣೆಯಾಗುತ್ತದೆ.

ಗಂಡ ಮುಂದೆ ಹಾಸನಕ್ಕೆ ಮರಳಿದರೂ ಬ್ರಿಟನ್ನಿನ ಸಂಸತ್ ಚುನಾವಣೆಗೆ ಅಂಚೆ ಮೂಲಕವೋ ಪ್ರತಿನಿಧಿಯ ಮೂಲಕವೋ ಜೀವನಪೂರ್ತಿ ಮತ ಹಾಕಬಹುದು. ಹೊರಗೆ ಹೋಗಿ 15 ವರ್ಷವಾದರೆ ಹಕ್ಕು ಹೋಗುತ್ತದೆ ಎಂಬ ಮಿತಿಯನ್ನು 2024ರ ಜನವರಿಯಲ್ಲಿ ತೆಗೆದುಹಾಕಿದ್ದಾರೆ. ಹಾಸನದ ಮತದಾರರ ಪಟ್ಟಿಯಲ್ಲಿ ಅವರ ಹಳೆಯ ಹೆಸರು ಇನ್ನೂ ಉಳಿದಿದ್ದರೆ ಫಾರ್ಮ್ 7 ಕೊಟ್ಟು ತೆಗೆಸಬೇಕು.